ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಮಿಣುಕಿದಾಗ

ಇಪ್ಪತ್ತು ಕಂಪ್ಯೂಟರುಗಳಿರುವ ಒಂದು ಆಡಿಟರ್ ಕಚೇರಿ ಎಂದುಕೊಳ್ಳಿ. ಇದ್ದಕ್ಕಿದ್ದಂತೆ ಟ್ಯಾಲಿ ತೆರೆಯುವುದಿಲ್ಲ, ಪ್ರಿಂಟರ್ ಕೈಕೊಡುತ್ತದೆ, ವೈಫೈ ಸಿಗ್ನಲ್ ಪೂರ್ತಿ ಇದ್ದರೂ ಒಂದು ಪುಟವೂ ಬರುವುದಿಲ್ಲ. ಇಂಟರ್ನೆಟ್ ಕಂಪನಿಯವರು ಬಂದು, ಸ್ವಿಚ್ಚಿನ ಕೇಬಲ್ ಕಿತ್ತು ತಮ್ಮ ಲ್ಯಾಪ್‌ಟಾಪನ್ನು ನೇರವಾಗಿ ರೂಟರಿಗೆ ಸಿಕ್ಕಿಸಿ, ಲೈನ್ ಚೆನ್ನಾಗಿದೆ ಎಂದು ತೋರಿಸಿ ಹೋಗುತ್ತಾರೆ. ಕಚೇರಿಯ ಸ್ವಿಚ್ಚುಗಳನ್ನೆಲ್ಲ ಒಟ್ಟಿಗೆ ಆಫ್ ಮಾಡಿ ಆನ್ ಮಾಡಿದರೆ ಒಂದಿಷ್ಟು ಹೊತ್ತು ಎಲ್ಲ ಸರಾಗ, ಆಮೇಲೆ ಮತ್ತೆ ಅದೇ ಪಾಡು.

ಹೀಗೆ ಸರಿಹೋಗಿ ಮತ್ತೆ ಕೆಡುವುದೇ ದೊಡ್ಡ ಸುಳಿವು. ಪ್ರಿಂಟರ್ ಎಲ್ಲಿದೆ ಎಂದು ತಿಳಿಯಲು ಕಂಪ್ಯೂಟರ್ ಇಡೀ ಕಚೇರಿಗೆ ಕೇಳುವಂತೆ ಕೂಗುತ್ತದೆ. ಇದು ಬ್ರಾಡ್‌ಕಾಸ್ಟ್. ಅದು ಬಂದ ಪೋರ್ಟ್ ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಸ್ವಿಚ್ ಅದರ ಪ್ರತಿ ಕಳಿಸುತ್ತದೆ. ಯಾವುದೋ ಕೇಬಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಸಿಕ್ಕಿಕೊಂಡಿದ್ದರೆ ಆ ಪ್ರತಿ ಸುತ್ತಿಕೊಂಡು ವಾಪಸ್ ಬರುತ್ತದೆ. ಸ್ವಿಚ್ ಅದನ್ನು ಹೊಸದೆಂದೇ ತಿಳಿದು ಮತ್ತೆ ಎಲ್ಲರಿಗೂ ಹಂಚುತ್ತದೆ. ಇಂಟರ್ನೆಟ್ ಪ್ಯಾಕೆಟ್ಟಿನೊಳಗೆ ಒಂದು ಎಣಿಕೆ ಇರುತ್ತದೆ. ಪ್ರತಿ ರೂಟರಿನಲ್ಲೂ ಒಂದೊಂದು ಕಡಿಮೆಯಾಗಿ, ಸೊನ್ನೆಗೆ ಬಂದಾಗ ಪ್ಯಾಕೆಟ್ ಸಾಯುತ್ತದೆ. ಅದನ್ನು ಹೊತ್ತೊಯ್ಯುವ ಈಥರ್ನೆಟ್ ಫ್ರೇಮಿಗೆ ಅಂಥ ಆಯುಷ್ಯದ ಮಿತಿಯೇ ಇಲ್ಲ. 100 ಎಂಬಿಪಿಎಸ್ ಲೈನಿನಲ್ಲಿ ಅತಿ ಚಿಕ್ಕ ಫ್ರೇಮುಗಳು ಸೆಕೆಂಡಿಗೆ ಸುಮಾರು 1.48 ಲಕ್ಷ ಓಡಬಲ್ಲವು. ಹಳೆಯ ಕೂಗುಗಳೇ ದಾರಿ ತುಂಬಿಕೊಂಡ ಮೇಲೆ ನಿಜವಾದ ಕೆಲಸಕ್ಕೆ ಜಾಗ ಉಳಿಯುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ಅವೆಲ್ಲ ಅಳಿಸಿಹೋಗುತ್ತವೆ, ಆದರೆ ಮುಂದಿನ ಒಂದೇ ಬ್ರಾಡ್‌ಕಾಸ್ಟ್ ಸಾಕು, ಬಿರುಗಾಳಿ ಮತ್ತೆ ಏಳುತ್ತದೆ.

ಹುಡುಕಾಟ ಕಣ್ಣಿನಿಂದಲೇ ಶುರುವಾಗಲಿ. ಸಾಮಾನ್ಯವಾಗಿ ಸ್ವಿಚ್ಚಿನ ದೀಪಗಳು ತಮ್ಮ ತಮ್ಮ ಪಾಡಿಗೆ ಮಿಣುಕುತ್ತಿರುತ್ತವೆ. ಲೂಪ್ ಆದಾಗ ಬಳಕೆಯಲ್ಲಿರುವ ಪೋರ್ಟುಗಳೆಲ್ಲ ಒಂದೇ ಸಮನೆ, ಎಡೆಬಿಡದೆ ಮಿಣುಕುತ್ತವೆ. ಒಂದು ಕಂಪ್ಯೂಟರಿನಲ್ಲಿ ರೂಟರಿನ ವಿಳಾಸ ಕೊಟ್ಟು ಪಿಂಗ್ ಓಡಿಸಿಡಿ:

```
ping -t 192.168.1.1
```

`Request timed out.` ಎಂಬ ಸಾಲುಗಳು ಬರುತ್ತಿರುವಾಗಲೇ ಮುಖ್ಯ ಸ್ವಿಚ್ಚಿನ ಕೇಬಲುಗಳನ್ನು, ಯಾವ ಪೋರ್ಟಿನದು ಯಾವುದೆಂದು ಗುರುತು ಹಾಕಿಕೊಂಡು, ಒಂದೊಂದಾಗಿ ಕೀಳುತ್ತ ಬನ್ನಿ. ರೂಟರಿನದನ್ನೂ ಪಿಂಗ್ ಓಡುತ್ತಿರುವ ಕಂಪ್ಯೂಟರಿನದನ್ನೂ ಮಾತ್ರ ಮುಟ್ಟಬೇಡಿ. ತಪ್ಪಿತಸ್ಥ ಕೇಬಲ್ ಕಳಚಿದೊಡನೆ ದೀಪಗಳ ಅಬ್ಬರ ಇಳಿದು ಉತ್ತರಗಳು ಬರತೊಡಗುತ್ತವೆ.

ಈ ಕಚೇರಿಯಲ್ಲಿ ಆ ಕೇಬಲ್ ಒಳಕೋಣೆಗೆ ಹೋಗಿದೆ. ಅಲ್ಲಿ ಮೇಜಿನ ಕೆಳಗೆ ಐದು ಪೋರ್ಟಿನ ಅಗ್ಗದ ಸ್ವಿಚ್ಚೊಂದಿದೆ. ಮುಖ್ಯ ಸ್ವಿಚ್ಚಿನ ನಂಟು ತಪ್ಪಿದ ಮೇಲೂ ಅದರ ದೀಪಗಳು ಹುಚ್ಚೆದ್ದಂತೆ ಮಿಣುಕುತ್ತಿವೆ, ಅಂದರೆ ಲೂಪ್ ಅದರೊಳಗೇ ಇದೆ. ನೆಲ ಗುಡಿಸುವಾಗ ಯಾರೋ ಕೆಳಗೆ ಬಿದ್ದಿದ್ದ ತುದಿಯನ್ನು ಖಾಲಿ ಪೋರ್ಟಿಗೆ ಸಿಕ್ಕಿಸಿದ್ದಾರೆ. ಅದರ ಇನ್ನೊಂದು ತುದಿ ಮೊದಲೇ ಅದೇ ಸ್ವಿಚ್ಚಿನಲ್ಲಿತ್ತು. ಅವರನ್ನು ಬೈಯುವುದು ಅನ್ಯಾಯ, ಬಿಡಿ ಕೇಬಲನ್ನು ಹಾಗೇ ಬಿಟ್ಟವರದೇ ತಪ್ಪು. ಐಪಿ ಫೋನಿನ ಎರಡೂ ಪೋರ್ಟುಗಳನ್ನು ಗೋಡೆಯ ಸಾಕೆಟ್ಟುಗಳಿಗೇ ಜೋಡಿಸಿದರೂ ಇದೇ ಗತಿಯಾಗಬಹುದು.

ಇದಕ್ಕೆ ಮದ್ದು ಹಳೆಯದೇ. 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನದಲ್ಲಿ ಸ್ವಿಚ್ಚುಗಳು ತಾವೇ ಲೂಪನ್ನು ಪತ್ತೆಹಚ್ಚಿ ಒಂದು ದಾರಿಯನ್ನು ಮುಚ್ಚುತ್ತವೆ. ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಹಾಗಾಗಿ ಕಿತ್ತ ಕೇಬಲುಗಳನ್ನು ಮರಳಿ ಹಾಕುವಾಗ ಒಂದೊಂದಕ್ಕೂ ಅರ್ಧ ನಿಮಿಷ ಕಾದು ನೋಡಿ. ಮುಂದಿನ ಬ್ರಾಡ್‌ಕಾಸ್ಟ್ ಬರುವವರೆಗೆ ಲೂಪ್ ಸದ್ದಿಲ್ಲದೆ ಇರುತ್ತದೆ.