ಮರಳಿ ಓಡಿದ ಕೆಲಸ, ಇಮ್ಮಡಿಯಾದ ಲೆಕ್ಕ

ಆರು ವಲಯಗಳಲ್ಲಿ ಅಂಗಡಿಗಳಿರುವ ಒಂದು ದಿನಸಿ ಕಂಪನಿಯನ್ನು ಕಲ್ಪಿಸಿಕೊಳ್ಳಿ. ರಾತ್ರಿ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಆ ದಿನದ ಬಿಲ್ಲುಗಳೆಲ್ಲ ವಲಯಕ್ಕೊಂದರಂತೆ ಆರು ಫೈಲುಗಳಾಗಿ ಕೇಂದ್ರ ಕಚೇರಿಗೆ ಬರುತ್ತವೆ. ಬಿಲ್ಲಿನಲ್ಲಿರುವ ಒಂದೊಂದು ಪದಾರ್ಥಕ್ಕೂ ಫೈಲಿನಲ್ಲಿ ಒಂದು ಸಾಲು. ಲೆಕ್ಕ ಸುಲಭವಾಗಲೆಂದು ಪ್ರತಿ ಫೈಲಿನಲ್ಲಿ 1 ಲಕ್ಷ ಸಾಲು, ಸಾಲಿಗೆ ಸರಾಸರಿ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಅಲ್ಲಿಗೆ ದಿನದ ವ್ಯಾಪಾರ 6 ಲಕ್ಷ ಸಾಲು, 6 ಕೋಟಿ ರೂಪಾಯಿ. ಮಧ್ಯರಾತ್ರಿ ಕಳೆದು ಒಂದು ಗಂಟೆಗೆ ಒಂದು ಪ್ರೋಗ್ರಾಂ ತಾನಾಗಿ ಎದ್ದು ಈ ಫೈಲುಗಳನ್ನು ಓದಿ, ಸಾಲುಗಳನ್ನು ಡೇಟಾ ವೇರ್‌ಹೌಸ್‌ನ ಮಾರಾಟದ ಟೇಬಲ್ಲಿಗೆ ತುಂಬುತ್ತದೆ. ಕಂಪನಿಯ ಹಳೆಯ ಹೊಸ ಲೆಕ್ಕಗಳೆಲ್ಲ ಒಂದೆಡೆ ಕೂಡುವ ದೊಡ್ಡ ಭಂಡಾರವೇ ವೇರ್‌ಹೌಸ್. ಅಲ್ಲಿಯವರೆಗೆ ಸಾಲುಗಳನ್ನು ಸಾಗಿಸುವ ಪ್ರೋಗ್ರಾಂಗಳ ಸಾಲಿಗೆ ಈ ಕಸುಬಿನವರು ಪೈಪ್‌ಲೈನ್ ಎನ್ನುತ್ತಾರೆ. ಬೆಳಿಗ್ಗೆ ವ್ಯವಸ್ಥಾಪಕರು ನೋಡುವ ವರದಿ, ಗೋದಾಮಿನಿಂದ ಯಾವ ಅಂಗಡಿಗೆ ಎಷ್ಟು ಸರಕು ಹೋಗಬೇಕೆಂಬ ಲೆಕ್ಕ ಎರಡೂ ಹುಟ್ಟುವುದು ಈ ಟೇಬಲ್ಲಿನಿಂದಲೇ.

ದಿನ 2025ರ ಮಾರ್ಚ್ 29, ಯುಗಾದಿಯ ಮುನ್ನಾದಿನ ಎಂದುಕೊಳ್ಳಿ. ಪ್ರೋಗ್ರಾಂ ಒಂದು ಸಲಕ್ಕೆ 10,000 ಸಾಲುಗಳ ಕಂತನ್ನು ಕಳಿಸುತ್ತದೆ. ಕಳಿಸಿದ ಕಂತು ಆಗಲೇ ಟೇಬಲ್ಲಿನಲ್ಲಿ ಕಾಯಂ ಆಗುತ್ತದೆ. ಮೊದಲ ಮೂರು ವಲಯಗಳ ಫೈಲುಗಳು ಸರಾಗವಾಗಿ ಮುಗಿದವು. ನಾಲ್ಕನೆಯದರಲ್ಲಿ ನಾಲ್ಕು ಕಂತು, ಅಂದರೆ 40,000 ಸಾಲು ಹೋದ ಮೇಲೆ ನೆಟ್‌ವರ್ಕ್ ಕಡಿದು ಪ್ರೋಗ್ರಾಂ ಸತ್ತಿತು. ಇಂಥ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಲು ಏರ್‌ಫ್ಲೋನಂಥ ಮೇಲ್ವಿಚಾರಕ ತಂತ್ರಾಂಶ ಇರುತ್ತದೆ. ಕೆಲಸ ಬಿದ್ದರೆ ಸ್ವಲ್ಪ ಹೊತ್ತು ಕಾದು ಮತ್ತೆ ಓಡಿಸು ಎಂದು ಅದಕ್ಕೆ ಮೊದಲೇ ಹೇಳಿಟ್ಟಿರುತ್ತಾರೆ. ಅದು ಹಾಗೆಯೇ ಮಾಡಿತು. ಪ್ರೋಗ್ರಾಂ ಮೊದಲ ಫೈಲಿನಿಂದ ಶುರುಮಾಡಿ ಈ ಸಲ ಆರನ್ನೂ ಮುಗಿಸಿತು. ಪರದೆಯ ಮೇಲೆ ಹಸಿರು ಬಣ್ಣ ಬಂತು. ಯಾರ ಫೋನೂ ಬಡಿದುಕೊಳ್ಳಲಿಲ್ಲ.

ಈಗ ಟೇಬಲ್ಲಿನಲ್ಲಿ ಏನಿದೆ? ಮೊದಲ ಓಟದ 3.4 ಲಕ್ಷ ಸಾಲು, ಎರಡನೆಯ ಓಟದ 6 ಲಕ್ಷ ಸಾಲು, ಒಟ್ಟು 9.4 ಲಕ್ಷ. ಮೊದಲ ಮೂರು ವಲಯಗಳ ವ್ಯಾಪಾರ ತಲಾ 2 ಕೋಟಿ, ನಾಲ್ಕನೆಯದು 1.4 ಕೋಟಿ, ಕೊನೆಯ ಎರಡು ಮಾತ್ರ ಸರಿಯಾಗಿ 1 ಕೋಟಿ. ಯುಗಾದಿಯ ಹಿಂದಿನ ದಿನ ವ್ಯಾಪಾರ ಏರುವುದು ಸಹಜ, ಆದ್ದರಿಂದ 9.4 ಕೋಟಿ ನೋಡಿದವರಿಗೆ ಅನುಮಾನ ಬರದೇ ಹೋಗಬಹುದು. ಸರಾಸರಿ ನೋಡಿ ಪತ್ತೆ ಹಚ್ಚೋಣವೆಂದರೆ ಅದೂ ಆಗದು. ಮೊತ್ತವೂ ಸಾಲುಗಳ ಎಣಿಕೆಯೂ ಒಟ್ಟಿಗೆ ಹಿಗ್ಗಿರುವುದರಿಂದ ಸಾಲಿಗೆ 100 ರೂಪಾಯಿ ಎಂಬ ಸರಾಸರಿ ಕದಲುವುದೇ ಇಲ್ಲ. ಬೇರೆ ಬೇರೆ ಬಿಲ್ಲುಗಳು ಎಷ್ಟು ಎಂದು ಎಣಿಸಿದರೆ ಆ ಸಂಖ್ಯೆಯೂ ಸರಿಯಾಗಿಯೇ ಇರುತ್ತದೆ. ಈ ತಪ್ಪಿನ ಅಪಾಯ ಇರುವುದೇ ಇಲ್ಲಿ. ಅರ್ಧ ತುಂಬಿ ನಿಂತ ಟೇಬಲ್ಲು ಎಲ್ಲರ ಕಣ್ಣಿಗೂ ಬೀಳುತ್ತದೆ, ಹೆಚ್ಚಾಗಿ ತುಂಬಿದ್ದು ಒಳ್ಳೆಯ ಸುದ್ದಿಯ ವೇಷದಲ್ಲಿ ಬರುತ್ತದೆ.

ಅರ್ಧದಲ್ಲಿ ಬಿದ್ದ ಕೆಲಸವನ್ನು ಬಿದ್ದಲ್ಲಿಂದಲೇ ಮುಂದುವರಿಸಿದರೆ ಸಾಲದೇ ಎಂದು ಯಾರಿಗಾದರೂ ತೋಚುತ್ತದೆ. ಆದರೆ ಎಲ್ಲಿ ಬಿದ್ದೆವು ಎಂಬುದನ್ನು ಕಳಿಸುವವನು ಖಚಿತವಾಗಿ ತಿಳಿಯಲಾರ. ಯುಪಿಐನಲ್ಲಿ ಹಣ ಕಳಿಸುವಾಗ ಚಕ್ರ ತಿರುಗುತ್ತಲೇ ಇದ್ದು, ಹಣ ಹೋಯಿತೋ ಇಲ್ಲವೋ ಗೊತ್ತಾಗದೆ ಅಂಗಡಿಯ ಮುಂದೆ ನಿಂತ ಅನುಭವ ಎಲ್ಲರಿಗೂ ಇದೆ. ಇಲ್ಲಿಯೂ ಅದೇ ಗೊಂದಲ. ಐದನೆಯ ಕಂತು ತಲುಪುವ ಮೊದಲೇ ತಂತು ಕಡಿದಿರಬಹುದು. ಇಲ್ಲವೇ ಕಂತು ತಲುಪಿ, ಟೇಬಲ್ಲಿನಲ್ಲಿ ಕಾಯಂ ಆಗಿ, ‘ಸೇರಿತು’ ಎಂಬ ಉತ್ತರ ಮರಳುವ ದಾರಿಯಲ್ಲಿ ಕಡಿದಿರಬಹುದು. ಕಳಿಸಿದವನಿಗೆ ಎರಡೂ ಒಂದೇ ತರಹ ಕಾಣುತ್ತವೆ. ಮತ್ತೆ ಕಳಿಸಿದರೆ ಇಮ್ಮಡಿಯಾದೀತು, ಕಳಿಸದಿದ್ದರೆ 10,000 ಸಾಲು ಕಳೆದುಹೋದೀತು. ಕಳೆಯುವುದಕ್ಕಿಂತ ಮತ್ತೆ ಕಳಿಸುವುದೇ ವಾಸಿ ಎಂಬ ತೀರ್ಮಾನಕ್ಕೆ ಬಹುತೇಕ ಎಲ್ಲರೂ ಬರುತ್ತಾರೆ. ಅದು ಸರಿಯಾದ ತೀರ್ಮಾನವೇ. ಎಡವಟ್ಟಾಗುವುದು ಪಡೆಯುವ ಕಡೆ ಎರಡನೆಯ ಸಲ ಬಂದದ್ದನ್ನು ಗುರುತಿಸುವ ಏರ್ಪಾಡು ಇಲ್ಲದಿದ್ದಾಗ.

ಒಂದೇ ಬಿಲ್ಲನ್ನು ಎರಡು ಸಲ ಕೊಟ್ಟರೆ ವೇರ್‌ಹೌಸ್ ತಾನೇ ಬೇಡವೆನ್ನಬಾರದೇ? ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗಳಲ್ಲಿ ಕೆಲಸ ಮಾಡಿ ಬಂದವರು ಸಹಜವಾಗಿ ಹಾಗೆಂದೇ ನಂಬಿರುತ್ತಾರೆ. ಅಲ್ಲಿ ಒಂದು ಕಾಲಮ್ಮನ್ನು ಪ್ರೈಮರಿ ಕೀ ಎಂದು ಘೋಷಿಸಿದರೆ, ಅದೇ ಬೆಲೆಯ ಎರಡನೆಯ ಸಾಲು ಬಾಗಿಲಲ್ಲೇ ತಡೆಯಲ್ಪಡುತ್ತದೆ. ಸ್ನೋಫ್ಲೇಕ್‌ನ ಸಾಮಾನ್ಯ ಟೇಬಲ್ಲುಗಳು, ಗೂಗಲ್‌ನ ಬಿಗ್‌ಕ್ವೆರಿ, ಅಮೆಜಾನ್‌ನ ರೆಡ್‌ಶಿಫ್ಟ್ ಮಾತ್ರ ಹಾಗಲ್ಲ. ಪ್ರೈಮರಿ ಕೀ ಎಂದು ಬರೆಯಲು ಅವು ಬಿಡುತ್ತವೆ, ಆದರೆ ತಡೆಯುವುದಿಲ್ಲ. ಕೋಟ್ಯಂತರ ಸಾಲುಗಳು ಹಲವು ಯಂತ್ರಗಳಲ್ಲಿ ಹಂಚಿಹೋಗಿರುವಾಗ ಬರುವ ಒಂದೊಂದು ಸಾಲನ್ನೂ ಇರುವ ಎಲ್ಲದರೊಂದಿಗೆ ತಾಳೆ ನೋಡುತ್ತ ಕೂತರೆ ತುಂಬುವ ವೇಗವೇ ಹೋಗುತ್ತದೆ ಎಂಬುದು ಕಾರಣ. ರೆಡ್‌ಶಿಫ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀವು ಘೋಷಿಸಿದ ಕೀಯನ್ನು ನಿಜವೆಂದು ನಂಬಿಯೇ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ಆಯ್ದುಕೊಳ್ಳುತ್ತದೆ. ಹಾಗಾಗಿ ಇಮ್ಮಡಿ ಸಾಲುಗಳಿದ್ದರೆ, ಪುನರಾವರ್ತನೆ ತೆಗೆದು ಕೊಡು ಎಂದು ಕೇಳಿದ ಪ್ರಶ್ನೆಗೂ ಇಮ್ಮಡಿ ಉತ್ತರವೇ ಬರುವ ಸಾಧ್ಯತೆ ಇದೆ.

ಪತ್ತೆ ಮಾಡುವುದು ಕಷ್ಟವಲ್ಲ, ಆದರೆ ಒಂದು ಸಾಲಿನ ಗುರುತು ಯಾವುದು ಎಂಬುದನ್ನು ಮೊದಲು ಸರಿಯಾಗಿ ನಿರ್ಧರಿಸಿರಬೇಕು. ಬಿಲ್ ಸಂಖ್ಯೆಯೊಂದೇ ಸಾಲದು, ಪ್ರತಿ ಅಂಗಡಿಯಲ್ಲೂ ಬಿಲ್ಲುಗಳು ಒಂದರಿಂದಲೇ ಶುರುವಾಗಬಹುದು. ಅಂಗಡಿ, ಬಿಲ್ಲು, ಪದಾರ್ಥ ಮೂರನ್ನು ಸೇರಿಸಿದರೂ ಸಾಲದು. ಗಿರಾಕಿ ಒಂದು ಬೆಲ್ಲದ ಪೊಟ್ಟಣ ಕೊಟ್ಟು, ಬಿಲ್ ಹಾಕುತ್ತಿರುವಾಗಲೇ ಇನ್ನೊಂದನ್ನು ತಂದಿಟ್ಟರೆ ಒಂದೇ ಬಿಲ್ಲಿನಲ್ಲಿ ಒಂದೇ ಪದಾರ್ಥದ ಎರಡು ನಿಜವಾದ ಸಾಲುಗಳಿರುತ್ತವೆ. ಬಿಲ್ಲಿನೊಳಗಿನ ಸಾಲಿನ ಕ್ರಮಸಂಖ್ಯೆ ಸೇರಿದಾಗಲೇ ಗುರುತು ಪೂರ್ತಿಯಾಗುತ್ತದೆ.

```sql
SELECT shop_id, bill_no, line_no, COUNT(*)
FROM sales
WHERE file_date = '2025-03-29'
GROUP BY shop_id, bill_no, line_no
HAVING COUNT(*) > 1;
```

ಈ ಪ್ರಶ್ನೆಗೆ ಒಂದೂ ಸಾಲು ಉತ್ತರವಾಗಿ ಬರಬಾರದು. ನಮ್ಮ ಉದಾಹರಣೆಯಲ್ಲಿ 3.4 ಲಕ್ಷ ಸಾಲು ಬರುತ್ತವೆ. ಬೆಲ್ಲದ ಪೊಟ್ಟಣದ ಕಾರಣಕ್ಕಾಗಿಯೇ, ನೋಡಲು ಒಂದೇ ತರಹ ಇರುವುದನ್ನೆಲ್ಲ ಕಣ್ಣುಮುಚ್ಚಿ ಒಂದಾಗಿಸುವ ಉಪಾಯವನ್ನು ನಾನು ಎಂದೂ ಒಪ್ಪುವುದಿಲ್ಲ. ಫೈಲಿನಲ್ಲಿ ಕ್ರಮಸಂಖ್ಯೆ ಇಲ್ಲದಿದ್ದರೆ ಅದು ಇಮ್ಮಡಿಯ ಜೊತೆಗೆ ನಿಜವಾದ ವ್ಯಾಪಾರವನ್ನೂ ಅಳಿಸಿಹಾಕುತ್ತದೆ.

ತಪ್ಪು ನಡೆಯದಂತೆ ಕಟ್ಟುವ ಬಗೆ ಹೇಗೆ? ಆರು ಫೈಲುಗಳನ್ನು ನೇರವಾಗಿ ಮಾರಾಟದ ಟೇಬಲ್ಲಿಗೆ ಸುರಿಯದೆ ಮೊದಲು ಪಕ್ಕದ ಒಂದು ಟೇಬಲ್ಲಿಗೆ ತುಂಬಬೇಕು. ಇದನ್ನು ಸ್ಟೇಜಿಂಗ್ ಟೇಬಲ್ ಎನ್ನುತ್ತಾರೆ. ಪ್ರತಿ ಓಟದ ಆರಂಭದಲ್ಲೂ ಅದನ್ನು ಖಾಲಿ ಮಾಡಬೇಕು, ಮರೆತರೆ ಇಮ್ಮಡಿ ಅಲ್ಲೇ ಹುಟ್ಟುತ್ತದೆ. ಅಲ್ಲಿ 6 ಲಕ್ಷ ಸಾಲೂ ಬಂದಿವೆಯೆಂದು ಎಣಿಸಿದ ಮೇಲೆ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು.

```sql
BEGIN;
DELETE FROM sales WHERE file_date = '2025-03-29';
INSERT INTO sales SELECT * FROM sales_stage;
COMMIT;
```

ನಡುವೆ ಏನೇ ಕೆಟ್ಟರೂ ಅಳಿಸಿದ್ದೂ ಸೇರಿಸಿದ್ದೂ ಎರಡೂ ರದ್ದಾಗಿ ಟೇಬಲ್ಲು ಮೊದಲಿನಂತೆಯೇ ಉಳಿಯುತ್ತದೆ. ಉತ್ತರ ಕಳೆದುಹೋಗಿ, ಕೆಲಸ ಮುಗಿದಿದ್ದರೂ ಮತ್ತೆ ಓಡಿಸಿದೆವು ಎನ್ನಿ. ಎರಡನೆಯ ಓಟ ಮೊದಲನೆಯದು ಹಾಕಿದ್ದನ್ನು ತೆಗೆದು ಅದನ್ನೇ ಮತ್ತೆ ಹಾಕುತ್ತದೆ. ಎಷ್ಟು ಸಲ ಓಡಿಸಿದರೂ ಫಲ ಒಂದೇ ಆಗಿರುವ ಈ ಗುಣಕ್ಕೆ ಐಡೆಂಪೊಟೆನ್ಸಿ ಎಂದು ಹೆಸರು. ಎಲ್ಲಿ ಬಿದ್ದೆವು ಎಂಬ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇಲ್ಲದಂತೆ ಅದು ಮಾಡುತ್ತದೆ.

ಮೇಲಿನ ಸಾಲುಗಳಲ್ಲಿ `file_date` ಎಂದಿರುವುದನ್ನು ಗಮನಿಸಿ. ಮಾರಾಟವಾದ ದಿನದ ಮೇಲೆ ಅಳಿಸಿದರೆ ಸಾಲದೇ ಎನಿಸಬಹುದು. ಆದರೆ 27ರಂದು ಇಂಟರ್ನೆಟ್ ಕೈಕೊಟ್ಟ ಒಂದು ಅಂಗಡಿಯ ಬಿಲ್ಲುಗಳು 29ರ ಫೈಲಿನಲ್ಲಿ ಬರುವುದುಂಟು. ಮಾರಾಟದ ದಿನ 29 ಎಂದು ಇರುವುದನ್ನಷ್ಟೇ ಅಳಿಸಿ ಮರುತುಂಬಿದರೆ ಆ ತಡವಾದ ಬಿಲ್ಲುಗಳು ಅಳಿಯದೆ ಉಳಿದು ಎರಡೆರಡಾಗುತ್ತವೆ. 27ನ್ನೂ ಅಳಿಸಿದರೆ ಆ ದಿನ ಸರಿಯಾಗಿ ಬಂದಿದ್ದ ಉಳಿದ ಅಂಗಡಿಗಳ ವ್ಯಾಪಾರವೇ ಮಾಯವಾಗುತ್ತದೆ. ಯಾವ ಮೂಟೆಯಲ್ಲಿ ಬಂತೋ ಆ ಮೂಟೆಯ ಗುರುತನ್ನು ಪ್ರತಿ ಸಾಲಿನಲ್ಲೂ ಇಟ್ಟಿರಬೇಕು, ಮೂಟೆಯನ್ನೇ ತೆಗೆದು ಮೂಟೆಯನ್ನೇ ಹಾಕಬೇಕು. ಆ ದಿನಾಂಕವನ್ನೂ ಪ್ರೋಗ್ರಾಂ ಗಡಿಯಾರ ನೋಡಿ ಬರೆದುಕೊಳ್ಳಬಾರದು. ಎರಡು ದಿನ ಬಿಟ್ಟು ಮರು ಓಡಿಸಿದರೆ ಗಡಿಯಾರ ಬೇರೆ ದಿನವನ್ನು ಹೇಳುತ್ತದೆ, ಅಳಿಸುವ ಆಜ್ಞೆ ಏನನ್ನೂ ಹುಡುಕದೆ ಸುಮ್ಮನಾಗುತ್ತದೆ, ಸೇರಿಸುವ ಆಜ್ಞೆ ಮಾತ್ರ ತನ್ನ ಕೆಲಸ ಮಾಡುತ್ತದೆ. ಏರ್‌ಫ್ಲೋ ಪ್ರತಿ ಓಟಕ್ಕೂ ಅದು ಯಾವ ದಿನದ ಕೆಲಸ ಎಂಬುದನ್ನು ಕೊಡುತ್ತದೆ, ಮರು ಓಟದಲ್ಲೂ ಅದು ಬದಲಾಗದು. ಅದನ್ನೇ ಬಳಸಬೇಕು.

ಕೆಲವು ವೇರ್‌ಹೌಸ್‌ಗಳು ತಾವೇ ಸ್ವಲ್ಪ ಕಾವಲು ಕಾಯುತ್ತವೆ. ಸ್ನೋಫ್ಲೇಕ್‌ನ `COPY INTO` ಆಜ್ಞೆ ಯಾವ ಫೈಲನ್ನು ಈಗಾಗಲೇ ತುಂಬಿದ್ದೇನೆ ಎಂಬುದನ್ನು 64 ದಿನ ನೆನಪಿಟ್ಟು ಅದೇ ಫೈಲನ್ನು ಮತ್ತೆ ತುಂಬುವುದಿಲ್ಲ. ನೆನಪಿರುವುದು ಫೈಲು, ಅದರೊಳಗಿನ ಬಿಲ್ಲುಗಳಲ್ಲ. ಮರು ಓಟದಲ್ಲಿ ಹೆಸರಿಗೆ ಹೊತ್ತಿನ ಮುದ್ರೆ ಅಂಟಿಸಿ ಹೊಸ ಫೈಲು ಸೃಷ್ಟಿಸುವ ಪ್ರೋಗ್ರಾಂಗಳು ಬಹಳ, ಅವುಗಳ ಮುಂದೆ ಈ ಕಾವಲು ನಡೆಯದು.

ಆಗಲೇ ಇಮ್ಮಡಿಯಾಗಿದ್ದರೆ ತಿದ್ದುವಾಗ ಎಚ್ಚರ ಬೇಕು. ಎರಡು ಪ್ರತಿಗಳೂ ಅಕ್ಷರಶಃ ಒಂದೇ ಆಗಿರುವುದರಿಂದ ಗುರುತು ಹಿಡಿದು ಅಳಿಸಲು ಹೋದರೆ ಎರಡೂ ಹೋಗುತ್ತವೆ. ಮೂಲ ಫೈಲುಗಳನ್ನು ಉಳಿಸಿಕೊಂಡಿದ್ದರೆ ಆ ದಿನದ ಮೂಟೆಯನ್ನು ಪೂರ್ತಿ ತೆಗೆದು ಮೇಲಿನ ಕ್ರಮದಲ್ಲಿ ಮರುತುಂಬುವುದು ಅತ್ಯಂತ ಸುರಕ್ಷಿತ ದಾರಿ. ಫೈಲುಗಳಿಲ್ಲದಿದ್ದರೆ ಟೇಬಲ್ಲಿನ ಹಿಂದಿನ ಸ್ಥಿತಿಗೆ ಮರಳಬಹುದು. ಬಿಗ್‌ಕ್ವೆರಿ ಸಾಮಾನ್ಯವಾಗಿ 7 ದಿನಗಳ ಹಿಂದಿನವರೆಗೆ ತೋರಿಸುತ್ತದೆ, ಸ್ನೋಫ್ಲೇಕ್ ಬದಲಾಯಿಸದೆ ಬಿಟ್ಟರೆ 1 ದಿನ ಮಾತ್ರ. ಹಬ್ಬದ ರಜೆ ಮುಗಿಸಿ ಬಂದು ನೋಡುವಷ್ಟರಲ್ಲಿ ಆ ಅವಧಿ ಮುಗಿದಿರಬಹುದು. ಆಗ ಪ್ರತಿ ಗುರುತಿಗೂ ಒಂದೇ ಸಾಲನ್ನು ಆರಿಸಿ ಹೊಸ ಟೇಬಲ್ಲು ಕಟ್ಟಿ ಹಳೆಯದರ ಜಾಗಕ್ಕೆ ತರಬೇಕಾಗುತ್ತದೆ.

ಮಾರಾಟದ ಟೇಬಲ್ಲು ಸರಿಯಾದರೂ ಕೆಲಸ ಮುಗಿಯುವುದಿಲ್ಲ. 30ರ ಬೆಳಿಗ್ಗೆ ಅದರಿಂದ ಹುಟ್ಟಿದ ವಲಯವಾರು ಮೊತ್ತ, ತಿಂಗಳ ಮೊತ್ತ, ಸರಕಿನ ಬೇಡಿಕೆ ಎಲ್ಲವೂ ತಪ್ಪು ಸಂಖ್ಯೆಯನ್ನು ಹೊತ್ತು ಕೂತಿರುತ್ತವೆ. ಅವನ್ನೂ ಅದೇ ಕ್ರಮದಲ್ಲಿ, ಒಂದರ ಹಿಂದೆ ಒಂದನ್ನು ಮರು ಓಡಿಸಬೇಕು. ಅವುಗಳಲ್ಲಿ ಯಾವುದಾದರೂ ಹಳೆಯದನ್ನು ತೆಗೆಯದೆ ಸೇರಿಸುತ್ತಲೇ ಹೋಗುವಂಥದ್ದಾಗಿದ್ದರೆ ತಿದ್ದುಪಡಿಯೇ ಹೊಸ ಇಮ್ಮಡಿಗೆ ಕಾರಣವಾಗುತ್ತದೆ. ಟೇಬಲ್ಲುಗಳ ಆಚೆ ಹೋದದ್ದು, ಅಂದರೆ ಮೊದಲ ಮೂರು ವಲಯಗಳ ಅಂಗಡಿಗಳಿಗೆ ಎರಡರಷ್ಟು ಬೆಲ್ಲ, ಬೇಳೆ ಹೇರಿಕೊಂಡು ಹೊರಟ ಲಾರಿಗಳು, ಯಾವ ಆಜ್ಞೆಗೂ ಹಿಂದಿರುಗುವುದಿಲ್ಲ. ಗೋದಾಮಿನವರಿಗೆ ಯಾರಾದರೂ ಫೋನು ಮಾಡಿ ಯಾವ ಮೂರು ವಲಯ, ಎಷ್ಟು ಹೆಚ್ಚುವರಿ ಎಂದು ಹೇಳಬೇಕು. ಆ ಪಟ್ಟಿಯನ್ನು ತೆಗೆದುಕೊಡುವುದು ಇಮ್ಮಡಿ ಸಾಲುಗಳನ್ನು ಹುಡುಕಿದ ಆ ಪ್ರಶ್ನೆಯೇ. ಆದ್ದರಿಂದ ಟೇಬಲ್ಲನ್ನು ತಿದ್ದುವ ಮೊದಲು ಅದರ ಉತ್ತರವನ್ನು ಬೇರೆಡೆ ಉಳಿಸಿಟ್ಟುಕೊಳ್ಳಬೇಕು. ತಿದ್ದಿದ ಮೇಲೆ ಎಲ್ಲಿ ಎಷ್ಟು ಹೆಚ್ಚಾಗಿತ್ತು ಎಂಬುದಕ್ಕೆ ಟೇಬಲ್ಲಿನಲ್ಲಿ ಕುರುಹೇ ಉಳಿದಿರುವುದಿಲ್ಲ.