ಬಿಸಿಲಿನಲ್ಲಿ ಮೈಯ ನೀರು ಇಳಿದಾಗ ಶುಗರ್ ಯಾಕೆ ಏರುತ್ತದೆ?



ಬೇಸಿಗೆ ಬಂತೆಂದರೆ ಸಂಘದ ಸಭೆಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ: "ಊಟ ಅದೇ, ಮಾತ್ರೆ ಅದೇ, ಆದ್ರೂ ಶುಗರ್ ಯಾಕೆ ಏರ್ತಾ ಇದೆ?" ಇದಕ್ಕೆ ಎಲ್ಲರೂ ಬಾಯಿಯ ಮೇಲೆ ತಪ್ಪು ಹೊರಿಸುತ್ತಾರೆ. ಏನೋ ಸಿಹಿ ತಿಂದಿರಬೇಕು ಅಂತಾರೆ. ಆದರೆ ಎಷ್ಟೋ ಸಲ ತಪ್ಪು ತಿಂದದ್ದರಲ್ಲಿ ಇರುವುದಿಲ್ಲ, ಕುಡಿಯದೆ ಬಿಟ್ಟದ್ದರಲ್ಲಿ ಇರುತ್ತದೆ. ಅದು ಹೇಗೆ ಎಂದು ಒಂದು ಉದಾಹರಣೆಯಿಂದ ನೋಡೋಣ.

ಕೆರೆ ಕೆಲಸಕ್ಕೆ ಹೋದ ಅಕ್ಕ

ರಾಯಚೂರು ಕಡೆಯ ಒಂದು ಹಳ್ಳಿ ಎಂದುಕೊಳ್ಳಿ. ಏಪ್ರಿಲ್ ಕೊನೆ, ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟಿದೆ. ಅಲ್ಲಿ 52 ವರ್ಷದ ಒಬ್ಬ ಅಕ್ಕ. ಆರು ವರ್ಷದಿಂದ ಸಕ್ಕರೆ ಕಾಯಿಲೆ, ದಿನವೂ ಮಾತ್ರೆ ತಗೋತಾರೆ. ಅವತ್ತು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದಾಗ 142 ಇತ್ತು. ಊಟವಾಗಿ ಎರಡು ತಾಸಿಗೆ ಅವರಿಗೆ ಸಾಮಾನ್ಯವಾಗಿ 190ರ ಹತ್ತಿರ ಬರುತ್ತದೆ.

ಚಹಾ ಕುಡಿದು, ಎರಡು ರೊಟ್ಟಿ ತಿಂದು, ಎಂಟು ಗಂಟೆಗೆ ಕೆರೆಯ ಹೂಳೆತ್ತುವ ಕೆಲಸಕ್ಕೆ ಹೋದರು. ಜೊತೆಗೆ ಬಾಟಲಿಯಲ್ಲಿ ನೀರಿತ್ತು, ಆದರೆ ಎರಡು ಗುಟುಕು ಬಿಟ್ಟರೆ ಕುಡಿಯಲಿಲ್ಲ. ಯಾಕೆ ಎಂದರೆ, "ನೀರು ಕುಡದ್ರ ಎಲ್ಲಿ ಹೋಗ್ಬೇಕ್ರಿ? ಅಲ್ಲಿ ಒಂದು ಮರಿ ಇಲ್ಲ, ಸುತ್ತ ಗಂಡಸರು."

ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬಂದಾಗ ತಲೆನೋವು, ನಾಲಿಗೆ ಒಣಗಿ ಅಂಟಿಕೊಂಡಿದೆ. ಮೂತ್ರ ಸ್ವಲ್ಪವೇ ಹೋಯಿತು, ಅದೂ ಕಡು ಹಳದಿ. ಮೀಟರ್‌ನಲ್ಲಿ ನೋಡಿದರೆ 268. ಸೊಸೆ ಹೇಳಿದಳು: "ನಿನ್ನಿ ಮದುವ್ಯಾಗ ಹೋಳಿಗಿ ತಿಂದ್ರಲ್ಲ ಅತ್ತಿ, ಅದಕ್ಕ ಏರ್ಯಾದ." ಅತ್ತೆ ಮಧ್ಯಾಹ್ನದ ಊಟ ಬಿಟ್ಟು, ರಾತ್ರಿಯ ಮಾತ್ರೆಯನ್ನು ಈಗಲೇ ನುಂಗಲು ಹೊರಟರು.

ನಿನ್ನೆಯ ಹೋಳಿಗೆ ಕಾರಣವಾಗಿದ್ದರೆ ಬೆಳಿಗ್ಗೆಯೇ ಹೆಚ್ಚು ಬರಬೇಕಿತ್ತು. ಬೆಳಿಗ್ಗೆ 142 ಮಾತ್ರ ಇತ್ತಲ್ಲ? ಹಾಗಾದರೆ ನಡುವಿನ ಐದು ತಾಸಿನಲ್ಲಿ ಏನಾಯಿತು?

ಪಾನಕದ ಲೆಕ್ಕ

ಹತ್ತು ಲೋಟ ಪಾನಕ ಮಾಡಿ ಒಲೆಯ ಮೇಲಿಟ್ಟು ಮರೆತಿರಿ ಎನ್ನೋಣ. ಒಂದು ಲೋಟದಷ್ಟು ನೀರು ಆವಿಯಾಗಿ ಹೋಯಿತು. ಬೆಲ್ಲ ಹೆಚ್ಚಾಗಲಿಲ್ಲ, ಆದರೂ ಪಾನಕ ಮೊದಲಿಗಿಂತ ಸಿಹಿ. ರಕ್ತದಲ್ಲೂ ಹೀಗೇ. ಮೀಟರ್ ತೋರಿಸುವುದು ಮೈಯಲ್ಲಿ ಒಟ್ಟು ಎಷ್ಟು ಸಕ್ಕರೆ ಇದೆ ಎಂದಲ್ಲ, ಇಷ್ಟು ರಕ್ತದಲ್ಲಿ ಎಷ್ಟು ಸಕ್ಕರೆ ಇದೆ ಎಂದು. ಬೆವರಿನಲ್ಲಿ ನೀರು ಹೋದರೆ ರಕ್ತ ಗಟ್ಟಿಯಾಗುತ್ತದೆ, ಅಂಕಿ ಏರುತ್ತದೆ. ಸುಡು ಬಿಸಿಲಿನಲ್ಲಿ ಗುದ್ದಲಿ ಹಿಡಿದವರಿಗೆ ಒಂದು ತಾಸಿನಲ್ಲಿ ಒಂದು ಲೀಟರ್‌ವರೆಗೂ ಬೆವರು ಹೋಗಬಹುದು.

ಆದರೆ ಇದೊಂದೇ ಕಾರಣವಲ್ಲ. ಲೆಕ್ಕ ಹಾಕಿ ನೋಡಿ. ಅಕ್ಕನ ಮಾಮೂಲಿ ಅಂಕಿ 190. ಹತ್ತರಲ್ಲಿ ಒಂದು ಪಾಲು ನೀರು ಹೋದರೆ ಅದು ಸುಮಾರು 211 ಆಗುತ್ತದೆ. ಮೀಟರ್ ತೋರಿಸಿದ್ದು 268. ಉಳಿದದ್ದು ಎಲ್ಲಿಂದ ಬಂತು? ಇನ್ನೆರಡು ಕಡೆಯಿಂದ.

ಮೊದಲನೆಯದು ಪಿತ್ತಜನಕಾಂಗ, ಅಂದರೆ ಲಿವರ್. ಬಿಸಿಲು ಮತ್ತು ನೀರಿನ ಕೊರತೆ ಮೈಗೆ ಒಂದು ಸಂಕಟ. ಸಂಕಟ ಬಂದಾಗ ಮೈ ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ಲಿವರ್‌ಗೆ "ಕೂಡಿಟ್ಟ ಸಕ್ಕರೆ ಹೊರಗೆ ಹಾಕು" ಎಂದು ಅಪ್ಪಣೆ ಮಾಡುತ್ತವೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಕೂಡಲೇ ಅದನ್ನು ಹತೋಟಿಗೆ ತರುತ್ತದೆ. ಕಾಯಿಲೆ ಇದ್ದವರಲ್ಲಿ ಅದು ರಕ್ತದಲ್ಲೇ ಉಳಿಯುತ್ತದೆ.

ಎರಡನೆಯದು ಮೂತ್ರಪಿಂಡ, ಅಂದರೆ ಕಿಡ್ನಿ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಹೆಚ್ಚಿನದನ್ನು ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ. ಅದಕ್ಕೆ ನೀರು ಬೇಕು. ನೀರೇ ಇಲ್ಲದಾಗ ಆ ಬಾಗಿಲು ಅರ್ಧ ಮುಚ್ಚುತ್ತದೆ, ಸಕ್ಕರೆ ಒಳಗೇ ನಿಲ್ಲುತ್ತದೆ.

ಇಲ್ಲೊಂದು ಮೋಸವೂ ಇದೆ. ಬಾಗಿಲು ತೆರೆದಿರುವಾಗ ಸಕ್ಕರೆ ಒಂಟಿಯಾಗಿ ಹೋಗುವುದಿಲ್ಲ, ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಶುಗರ್ ತುಂಬಾ ಏರಿದವರಿಗೆ ಮೂತ್ರ ತೆಳ್ಳಗೆ, ಪದೇ ಪದೇ ಹೋಗುತ್ತಿರಬಹುದು. "ಮೂತ್ರ ಚೆನ್ನಾಗಿ ಹೋಗ್ತಾ ಇದೆ, ನೀರು ಸಾಕು" ಅಂತ ನಂಬಬೇಡಿ. ಮೂತ್ರವೂ ಜಾಸ್ತಿ, ಬಾಯಿಯೂ ಒಣ ಎಂದರೆ ಮೈ ಬರಿದಾಗುತ್ತಿದೆ ಎಂದರ್ಥ. ನೀರು ಇಳಿದಷ್ಟು ಶುಗರ್ ಏರುತ್ತದೆ, ಶುಗರ್ ಏರಿದಷ್ಟು ನೀರು ಇಳಿಯುತ್ತದೆ. ಈ ಸುತ್ತನ್ನು ಮುರಿಯಬೇಕಾದದ್ದು ನೀರಿನ ಕಡೆಯಿಂದ.

ಅಕ್ಕ ಏನು ಮಾಡಬೇಕು?

ಮಾತ್ರೆಯನ್ನು ಕೆಳಗಿಡಬೇಕು. ವೈದ್ಯರು ಹೇಳದೆ ಹೆಚ್ಚಿಗೆ ಮಾತ್ರೆ ತಗೊಂಡು, ಊಟವನ್ನೂ ಬಿಟ್ಟರೆ, ಸಂಜೆಗೆ ಮೈಗೆ ನೀರು ಸೇರಿದಾಗ ಶುಗರ್ ತಾನಾಗಿ ಇಳಿಯುತ್ತದೆ. ಅದರ ಮೇಲೆ ಮಾತ್ರೆಯೂ ಇಳಿಸಿದರೆ ಅಪಾಯದ ಮಟ್ಟಕ್ಕೆ ಹೋಗಬಹುದು.

ನೆರಳಿನಲ್ಲಿ, ಗಾಳಿ ಆಡುವ ಕಡೆ ಕೂರಬೇಕು. ಕಾಲು ತಾಸಿಗೊಂದು ಲೋಟದಂತೆ ನೀರು ಕುಡಿಯಬೇಕು, ಒಮ್ಮೆಲೇ ಒಂದು ಚೊಂಬು ಸುರಿದುಕೊಳ್ಳಬಾರದು. ನಡುವೆ ಚಿಟಿಕೆ ಉಪ್ಪು ಹಾಕಿದ ನೀರು ಮಜ್ಜಿಗೆ ಒಳ್ಳೆಯದು. ಶರಬತ್ತು, ಕಬ್ಬಿನ ಹಾಲು, ಬಾಟಲಿಯ ತಂಪು ಪಾನೀಯ ಬೇಡ, ಅವು ನೀರಿನ ಜೊತೆ ಸಕ್ಕರೆಯನ್ನೂ ತುಂಬುತ್ತವೆ. ಊಟ ಬಿಡಬಾರದು. ಎರಡು ತಾಸು ಬಿಟ್ಟು ಮತ್ತೆ ಪರೀಕ್ಷೆ. ಅಂಕಿ 205ಕ್ಕೆ ಇಳಿದು, ತಲೆನೋವು ಹೋಗಿ, ಮೂತ್ರ ತಿಳಿಯಾದರೆ ಹೆಚ್ಚಿನ ಪಾಲು ಬಿಸಿಲಿನ ಕೆಲಸ ಎಂದು ತಿಳಿಯಿರಿ. ಮರುದಿನ ಬೆಳಿಗ್ಗೆಯೂ ಹೆಚ್ಚೇ ಇದ್ದರೆ ಕಾರಣ ಬೇರೆ, ವೈದ್ಯರಿಗೆ ತೋರಿಸಬೇಕು.

ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ಕಾಲು ಬಾವು ಬರುವವರು ದಿನಕ್ಕೆ ಎಷ್ಟು ನೀರು ಎಂದು ವೈದ್ಯರನ್ನು ಬೇಸಿಗೆಗೆ ಮೊದಲೇ ಕೇಳಿಕೊಳ್ಳಿ. ವಾಂತಿ ಭೇದಿ ಶುರುವಾದರೆ ಮೆಟ್‌ಫಾರ್ಮಿನ್, ಮೂತ್ರ ಹೆಚ್ಚಿಸುವ ಮಾತ್ರೆ, ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುವ ಮಾತ್ರೆ ತಗೊಳ್ಳುವವರು ಅವತ್ತೇ ವೈದ್ಯರನ್ನು ಕೇಳಬೇಕು. ಕೆಲವನ್ನು ಆ ದಿನಗಳ ಮಟ್ಟಿಗೆ ನಿಲ್ಲಿಸಬೇಕಾಗಬಹುದು. ಇನ್ಸುಲಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಬೆವರು, ನಡುಕ, ತಲೆಸುತ್ತು: ಬಿಸಿಲೋ, ಶುಗರ್ ಇಳಿದದ್ದೋ?

ಬಿಸಿಲು ಯಾವಾಗಲೂ ಶುಗರ್ ಏರಿಸುತ್ತದೆ ಎಂದೇನಿಲ್ಲ. ಕಷ್ಟದ ಕೆಲಸ ಸಕ್ಕರೆಯನ್ನು ಸುಟ್ಟುಹಾಕುತ್ತದೆ. ಸೆಕೆಗೆ ಚರ್ಮದ ರಕ್ತನಾಳಗಳು ಅಗಲವಾಗುವುದರಿಂದ ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ಇನ್ಸುಲಿನ್ ತಗೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಿಗೆ ಹೊಲದಲ್ಲೇ ಶುಗರ್ ಇಳಿಯಬಹುದು.

ಆಗ ಬೆವರು, ಎದೆ ಬಡಿತ, ಕೈ ನಡುಕ, ತಲೆಸುತ್ತು, ಕಣ್ಣು ಮಂಜು. ಬಿಸಿಲಿಗೆ ಬಳಲಿದಾಗಲೂ ಬಹುತೇಕ ಇವೇ. ನೋಡಿ ಹೇಳಲು ಆಗುವುದಿಲ್ಲ, ಪರೀಕ್ಷೆಯೇ ಬೇಕು. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕೊಡಿ, ಕಾಲು ತಾಸು ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಿ. ಸರಿಯಾದ ಮೇಲೆ ಏನಾದರೂ ಊಟ ಮಾಡಿಸಿ.

ಹೊಲದಲ್ಲಿ ಮೀಟರ್ ಇಲ್ಲದಿದ್ದರೆ? ಎಚ್ಚರವಿದ್ದು ನುಂಗಬಲ್ಲವರಾದರೆ ಅದೇ ಸಕ್ಕರೆ ನೀರು ಕೊಡಿ. ಶುಗರ್ ಮೊದಲೇ ಹೆಚ್ಚಿದ್ದರೂ ಮೂರು ಚಮಚದಿಂದ ಆಗುವ ಕೇಡು ಸಣ್ಣದು. ಇಳಿದಿದ್ದಾಗ ಕೊಡದಿದ್ದರೆ ಆಗುವ ಕೇಡು ದೊಡ್ಡದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಮೀಟರ್‌ಗೂ ಬಿಸಿಲು ತಟ್ಟುತ್ತದೆ

ಸ್ಟ್ರಿಪ್ ಡಬ್ಬಿಯ ಮೇಲೆ ಎಷ್ಟು ಡಿಗ್ರಿಯೊಳಗೆ ಇಡಬೇಕು ಎಂದು ಬರೆದಿರುತ್ತದೆ, ಹೆಚ್ಚಿನವಕ್ಕೆ ಅದು 30. ತಗಡಿನ ಮನೆಯ ಗೂಡಿನಲ್ಲಿ, ನಿಂತ ಗಾಡಿಯಲ್ಲಿ, ಕಿಟಕಿಯ ಬಿಸಿಲಿನಲ್ಲಿ ಇಟ್ಟ ಸ್ಟ್ರಿಪ್ ಹೆಚ್ಚೂ ತೋರಿಸಬಹುದು, ಕಡಿಮೆಯೂ ತೋರಿಸಬಹುದು. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ, ಮನೆಯ ತಂಪಾದ, ಒಣಗಿದ ಮೂಲೆಯಲ್ಲಿಡಿ. ಬೆರಳನ್ನು ಸೋಪು ಹಚ್ಚಿ ತೊಳೆದು ಒರೆಸಿ ಚುಚ್ಚಿ. ಬೆರಳಿಗೆ ಅಂಟಿದ ಮಾವಿನ ರಸವೂ ಶುಗರ್ ಎಂದೇ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಮಾತು ನೆನಪಿಡಿ. ರಕ್ತ ಬಹಳ ಗಟ್ಟಿಯಾದಾಗ ಕೆಲವು ಮೀಟರ್‌ಗಳು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಮನುಷ್ಯ ಮಂಕಾಗಿ ಬಿದ್ದಿರುವಾಗ "ಮೀಟರ್‌ನಲ್ಲಿ ಅಷ್ಟೇನೂ ಇಲ್ಲ" ಅಂತ ಸುಮ್ಮನಿರಬೇಡಿ. ಆಗ ನಂಬಬೇಕಾದದ್ದು ಮೀಟರನ್ನಲ್ಲ, ಮನುಷ್ಯನ ಸ್ಥಿತಿಯನ್ನು.

ಯಾವಾಗ ಆಸ್ಪತ್ರೆ?

ನೀರು ಕುಡಿದು ಎರಡು ತಾಸಾದರೂ 300ಕ್ಕಿಂತ ಕೆಳಗೆ ಬಾರದಿದ್ದರೆ, ಕುಡಿದ ನೀರು ವಾಂತಿಯಾಗುತ್ತಿದ್ದರೆ, ಅರ್ಧ ದಿನ ಮೂತ್ರವೇ ಹೋಗದಿದ್ದರೆ ತಡಮಾಡದೆ ಹೊರಡಿ. ಮೀಟರ್ HI ಎಂದು ತೋರಿಸಿದರೆ ಅದು ನಮಸ್ಕಾರವಲ್ಲ. ಅಂಕಿ ಮೀಟರ್ ಅಳೆಯುವ ಮಿತಿಯನ್ನು ದಾಟಿದೆ ಎಂದು ಅರ್ಥ, ಹೆಚ್ಚಿನ ಮೀಟರ್‌ಗಳಲ್ಲಿ ಆ ಮಿತಿ 600. ವಯಸ್ಸಾದವರಲ್ಲಿ ಈ ಸ್ಥಿತಿ ಕೆಲವು ದಿನಗಳಲ್ಲಿ ಮೆಲ್ಲಗೆ ಬರುತ್ತದೆ. ಮೊದಲು ಬಾಯಾರಿಕೆ, ಆಮೇಲೆ ಮಂಪರು, ತಪ್ಪು ಮಾತು. "ಅಜ್ಜಿ ಸೆಕೆಗೆ ಮಲಗ್ಯಾಳ" ಎಂದು ಬಿಟ್ಟರೆ ಜೀವಕ್ಕೆ ಅಪಾಯ. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತಪ್ಪಿದರೆ ಅದು ಬಿಸಿಲ ಹೊಡೆತ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಿರಿ.

ಸಭೆಯಲ್ಲಿ ಮಾತಾಡಲು

ಅಕ್ಕನ ಶುಗರ್ ಏರಿದ್ದು ಹೋಳಿಗೆಯಿಂದಲ್ಲ, ಮರೆ ಇಲ್ಲದ್ದರಿಂದ. ಬಾಟಲಿಯಲ್ಲಿ ನೀರಿತ್ತು, ಕುಡಿಯುವ ಧೈರ್ಯ ಇರಲಿಲ್ಲ. ನಾಲ್ಕು ಕೋಲು, ಎರಡು ಹಳೆ ಸೀರೆ ಇದ್ದರೆ ಕೆಲಸದ ಜಾಗದಲ್ಲಿ ಹೆಂಗಸರಿಗೆ ಒಂದು ಮರೆ ಆಗುತ್ತದೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇದನ್ನು ಎತ್ತಿ: ನಮ್ಮಲ್ಲಿ ಯಾರ್ಯಾರಿಗೆ ಶುಗರ್ ಇದೆ, ಅವರು ಬಿಸಿಲಿನಲ್ಲಿ ನೀರು ಕುಡಿಯುತ್ತಾರಾ, ಕುಡಿಯದಿದ್ದರೆ ಯಾಕೆ? ಆ ಕೊನೆಯ "ಯಾಕೆ"ಗೆ ಬರುವ ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಂಡು, ಮೇಸ್ತ್ರಿಯ ಹತ್ತಿರವೂ ಪಂಚಾಯಿತಿಯ ಹತ್ತಿರವೂ ಕೂಡಿಯೇ ಹೋಗಿ.