ಗೆರೆ ಎಳೆದದ್ದು ಯಾಕೆ?

ಪ್ರಿಯ ಪೋಷಕರೇ,

ಒಂಬತ್ತನೇ ತರಗತಿಯ ಮಕ್ಕಳು ಕೋನಮಾಪಕ ಹಿಡಿದು ತ್ರಿಭುಜದ ಮೂರು ಕೋನಗಳನ್ನು ಅಳೆದರು. ಕೂಡಿದಾಗ ಒಬ್ಬರಿಗೆ 179 ಡಿಗ್ರಿ ಬಂತು, ಇನ್ನೊಬ್ಬರಿಗೆ 181. ಯಾರದು ಸರಿ? ಅಳತೆಯಿಂದ ಇದು ತೀರ್ಮಾನವಾಗುವುದಿಲ್ಲ, ಎಲ್ಲ ತ್ರಿಭುಜಗಳನ್ನೂ ಅಳೆದು ಮುಗಿಸಲಾಗದು. ಅದಕ್ಕೇ ಸಾಧನೆ ಬೇಕು.

ABC ತ್ರಿಭುಜದ A ಶೃಂಗದ ಮೂಲಕ BCಗೆ ಸಮಾಂತರವಾಗಿ DE ಗೆರೆ ಎಳೆಯಿರಿ, D ಎಡಕ್ಕಿರಲಿ. ಪರ್ಯಾಯ ಕೋನಗಳಾದ್ದರಿಂದ DAB ಕೋನ B ಕೋನಕ್ಕೆ ಸಮ, EAC ಕೋನ C ಕೋನಕ್ಕೆ ಸಮ. ಈಗ ಮೂರೂ ಕೋನಗಳು A ಬಳಿ ಒಂದೇ ಸರಳರೇಖೆಯ ಮೇಲೆ ಕೂತಿವೆ. ಮೊತ್ತ 180 ಡಿಗ್ರಿ. ತ್ರಿಭುಜ ಯಾವುದೇ ಇರಲಿ, ಈ ಮಾತು ಬದಲಾಗದು.

ಅನೇಕ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಪತ್ತೆಹಚ್ಚುವುದು ಸುಲಭ: ABC ಬದಲು PQR ಎಂದು ಬರೆದು, ಚಿತ್ರವನ್ನು ತಲೆಕೆಳಗಾಗಿಸಿ ಕೊಡಿ. ಬಾಯಿಪಾಠದ ಮಗು ಅಲ್ಲೇ ನಿಲ್ಲುತ್ತದೆ.

ನಿಮಗೆ ಗಣಿತ ಮರೆತಿದ್ದರೂ ಚಿಂತೆಯಿಲ್ಲ. ಸಂಜೆ ಹತ್ತು ನಿಮಿಷ ಪಕ್ಕದಲ್ಲಿ ಕೂತು, ಪುಸ್ತಕ ಮುಚ್ಚಿಸಿ, ಪ್ರತಿ ಸಾಲಿಗೂ ‘ಯಾಕೆ?’ ಎಂದು ಕೇಳಿ. ‘ಚಿತ್ರದಲ್ಲಿ ಹಾಗೇ ಕಾಣುತ್ತದಲ್ಲ’ ಎಂಬ ಉತ್ತರವನ್ನು ಒಪ್ಪಬೇಡಿ. ಸಿಕ್ಕಿಕೊಂಡರೆ ಉತ್ತರ ಹೇಳಿಕೊಡದೆ, ದತ್ತವೇನು, ಸಾಧಿಸಬೇಕಾದದ್ದೇನು ಎಂದು ಮತ್ತೆ ಓದಿಸಿ. ಆಗಲೂ ಆಗದಿದ್ದರೆ ಆ ಸಾಲಿಗೆ ಗುರುತು ಹಾಕಿ ಕಳುಹಿಸಿ, ತರಗತಿಯಲ್ಲಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಮಕ್ಕಳ ಗಣಿತ ಶಿಕ್ಷಕಿ